ಪಾಠ ಮೊದಲು, ಸಾರಾಂಶ ಆಮೇಲೆ, ಸಮ್ಮತಿ ಎರಡಕ್ಕೂ ಜೊತೆಯಾಗಿ

ಪ್ರಶ್ನೆ: ನಾನು ಶಿರಸಿಯ ಆಸ್ಪತ್ರೆಯೊಂದರಲ್ಲಿ ಕಿರಿಯ ವೈದ್ಯೆ. ಮಧುಮೇಹವಿದ್ದ, ಕರಾವಳಿ ಕಡೆಯ ರೋಗಿಯೊಬ್ಬರಲ್ಲಿ ಮೆಲಿಯಾಯ್ಡೋಸಿಸ್ ಪತ್ತೆಯಾಯಿತು. ಸಮ್ಮೇಳನವೊಂದಕ್ಕೆ 250 ಪದಗಳ ಮಿತಿಯಲ್ಲಿ ಪ್ರಕರಣ ವರದಿಯ ಸಾರಾಂಶ ಬರೆದೆ. ನಮ್ಮ ಹಿರಿಯರು ಅಂಚಿನಲ್ಲಿ ಎರಡು ಸಾಲು ಬರೆದು ಹಿಂದಿರುಗಿಸಿದರು: ‘ಇದನ್ನು ಓದಿದವರು ಏನು ಕಲಿಯಬೇಕು?’, ‘ರೋಗಿಯ ಸಮ್ಮತಿ ಎಲ್ಲಿದೆ?’ ದಾಖಲಾಗುವಾಗ ಅವರು ಸಹಿ ಹಾಕಿದ ಸಮ್ಮತಿ ಪತ್ರ ಕಡತದಲ್ಲಿದೆ. ಅದು ಸಾಲದೆ? ರೋಗಿ ಈಗ ಊರಿಗೆ ಮರಳಿದ್ದಾರೆ. ಎಲ್ಲಿಂದ ಸರಿಪಡಿಸಲಿ?

ಉತ್ತರ: ಸಾಲದು. ಆ ಸಹಿ ಚಿಕಿತ್ಸೆಗೆ ಕೊಟ್ಟ ಒಪ್ಪಿಗೆ. ತನ್ನ ಕಾಯಿಲೆಯ ಕಥೆಯನ್ನು ಅಪರಿಚಿತರು ಓದಬಹುದು ಎಂದು ಅವರು ಅಲ್ಲಿ ಎಲ್ಲೂ ಹೇಳಿಲ್ಲ. ಆದರೆ ಸಮ್ಮತಿ ಪತ್ರ ಹಿಡಿದುಕೊಂಡು ಈಗಲೇ ಹೊರಡಬೇಡಿ. ನಿಮ್ಮ ಹಿರಿಯರು ಕೇಳಿದ ಎರಡು ಪ್ರಶ್ನೆಗಳು ಒಂದಕ್ಕೊಂದು ಅಂಟಿಕೊಂಡಿವೆ. ಪಾಠ ಯಾವುದೆಂದು ನಿರ್ಧಾರವಾದರೆ ರೋಗಿಯ ಯಾವ ವಿವರ ಬೇಕು, ಯಾವುದು ಬೇಡ ಎಂಬುದು ತಿಳಿಯುತ್ತದೆ. ಬೇಕಾದ ವಿವರಗಳು ಯಾವುವೆಂದು ತಿಳಿದ ಮೇಲೆಯೇ ‘ಇಷ್ಟನ್ನು ಬರೆಯುತ್ತೇವೆ, ಒಪ್ಪುತ್ತೀರಾ?’ ಎಂದು ಅವರನ್ನು ಪ್ರಾಮಾಣಿಕವಾಗಿ ಕೇಳಲು ಸಾಧ್ಯ. ಆದ್ದರಿಂದ ಸಾರಾಂಶದ ಕೊನೆಯ ವಾಕ್ಯದಿಂದ ಶುರುಮಾಡೋಣ.

ನಿಮ್ಮ ರೋಗಿಯ ವಿವರಗಳನ್ನು ನಾನಿಲ್ಲಿ ಬಳಸುವುದಿಲ್ಲ. ಅವರು ಇನ್ನೂ ಒಪ್ಪಿಲ್ಲ. ಬದಲಿಗೆ ಅದೇ ರೋಗದ ಒಂದು ಕಾಲ್ಪನಿಕ ಪ್ರಕರಣ ಕಟ್ಟಿಕೊಳ್ಳುತ್ತೇನೆ. ಐವತ್ತು ದಾಟಿದ ಗಂಡಸು. ಹತ್ತು ವರ್ಷದಿಂದ ಮಧುಮೇಹ, ಮಾತ್ರೆ ಅನಿಯಮಿತ. ಮಳೆಗಾಲದಲ್ಲಿ ಗದ್ದೆಯ ಕೆಸರಿನಲ್ಲಿ ದುಡಿಮೆ. ಮೂರು ವಾರದಿಂದ ಜ್ವರ, ಎಡ ಪಕ್ಕೆಯ ಕೆಳಗೆ ನೋವು. ಅಲ್ಟ್ರಾಸೌಂಡ್‌ನಲ್ಲಿ ಗುಲ್ಮದಲ್ಲಿಯೂ ಯಕೃತ್ತಿನಲ್ಲಿಯೂ ಹಲವು ಸಣ್ಣ ಕೀವುಗಡ್ಡೆಗಳು. ಸೆಫ್ಟ್ರಿಯಾಕ್ಸೋನ್ ಶುರುವಾಯಿತು, ಜ್ವರ ಇಳಿಯಲಿಲ್ಲ. ಕ್ಷಯದ ಚಿಕಿತ್ಸೆ ಕೊಟ್ಟು ನೋಡೋಣವೇ ಎಂಬ ಚರ್ಚೆಯೂ ನಡೆಯಿತು. ನಾಲ್ಕನೆಯ ದಿನ ರಕ್ತದ ಕಲ್ಚರ್ ವರದಿ ಬಂತು: ‘ಸ್ಯೂಡೋಮೋನಾಸ್ ಪ್ರಭೇದ’.

ಇಂಥ ಪ್ರಕರಣಕ್ಕೆ ಸಾಮಾನ್ಯವಾಗಿ ಬರೆಯುವ ಉಪಸಂಹಾರ ಹೀಗಿರುತ್ತದೆ: ‘ಮೆಲಿಯಾಯ್ಡೋಸಿಸ್ ಒಂದು ಅಪರೂಪದ ರೋಗ. ವೈದ್ಯರು ಇದರ ಬಗ್ಗೆ ಸದಾ ಎಚ್ಚರದಿಂದಿರಬೇಕು. ಬೇಗ ಪತ್ತೆಯಾದರೆ ಜೀವ ಉಳಿಯುತ್ತದೆ.’ ಮೂರು ವಾಕ್ಯಗಳಲ್ಲಿ ಒಂದೂ ಸುಳ್ಳಲ್ಲ ಎನಿಸಬಹುದು, ಆದರೆ ಓದಿದ ವೈದ್ಯರ ಕೈಗೆ ಏನೂ ಸಿಗುವುದಿಲ್ಲ. ರೋಗದ ಹೆಸರನ್ನು ತೆಗೆದು ಅಲ್ಲಿ ಇನ್ನೊಂದು ರೋಗದ ಹೆಸರು ಬರೆದರೂ ವಾಕ್ಯ ಹಾಗೆಯೇ ನಿಲ್ಲುತ್ತದೆ. ಅಲ್ಲಿಗೆ ಅದು ಪಾಠವಲ್ಲ ಎಂದು ತಿಳಿಯಿರಿ. ಮೊದಲ ವಾಕ್ಯ ನಮ್ಮ ಕಡೆಗೆ ಸರಿಯೂ ಅಲ್ಲ. ಕರ್ನಾಟಕದ ಕರಾವಳಿಯಿಂದ, ಮುಖ್ಯವಾಗಿ ದಕ್ಷಿಣದ ಮಣಿಪಾಲ ಮತ್ತು ಮಂಗಳೂರು ಭಾಗದಿಂದ, ಮೆಲಿಯಾಯ್ಡೋಸಿಸ್ ಪ್ರಕರಣಗಳು ವರ್ಷಗಳಿಂದ ವರದಿಯಾಗುತ್ತಿವೆ. ಹೊನ್ನಾವರ, ಕುಮಟಾ, ಅಂಕೋಲಾದ ಮಣ್ಣು ಮತ್ತು ಮಳೆ ಬೇರೆ ಏನಲ್ಲ. ನಮ್ಮಲ್ಲಿ ಅದು ಕಡಿಮೆ ಕಾಣಿಸಿದರೆ, ಕಡಿಮೆ ಇದೆ ಎನ್ನುವುದಕ್ಕಿಂತ ಕಡಿಮೆ ಗುರುತಿಸುತ್ತಿದ್ದೇವೆ ಎಂದು ಮೊದಲು ಅನುಮಾನಿಸಬೇಕು. ‘ಉತ್ತರ ಕನ್ನಡದಿಂದ ವರದಿಯಾದ ಮೊದಲ ಪ್ರಕರಣ’ ಎಂಬ ಸಾಲು ನಿಮ್ಮ ಕರಡಿನಲ್ಲಿ ಇದ್ದರೆ ದಯವಿಟ್ಟು ಅಳಿಸಿ. ಅದನ್ನು ಸಾಬೀತುಮಾಡುವುದು ಕಷ್ಟ. ಸಾಬೀತಾದರೂ, ಜಿಲ್ಲೆಯ ಗಡಿ ರೋಗಾಣುವಿನ ಗುಣವನ್ನೇನೂ ಹೇಳುವುದಿಲ್ಲ.

ಪಾಠವನ್ನು ಹುಡುಕಬೇಕಾದ ಜಾಗ ಕಡತದ ಒಳಗಿದೆ. ಪುಟ ತಿರುವುತ್ತಾ ಹೋಗಿ, ನಿಮ್ಮ ತಂಡದ ನಿರ್ಧಾರ ಯಾವ ಗಳಿಗೆಯಲ್ಲಿ ತಿರುಗಿತು ಎಂದು ನೋಡಿ. ನಾನು ಕಟ್ಟಿಕೊಂಡ ಪ್ರಕರಣದಲ್ಲಿ ಅದು ನಾಲ್ಕನೆಯ ದಿನದ ವರದಿ. ‘ಸ್ಯೂಡೋಮೋನಾಸ್’ ಎಂಬ ಪದ ಕಂಡಾಗ ಎರಡು ದಾರಿಗಳು ಸುಲಭವಾಗಿ ತೆರೆದುಕೊಳ್ಳುತ್ತವೆ. ಒಂದು, ರಕ್ತ ತೆಗೆಯುವಾಗ ಸೇರಿಕೊಂಡ ಕಲ್ಮಷ ಎಂದು ಬದಿಗಿಡುವುದು. ಇನ್ನೊಂದು, ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ ಕಾಣುವ ಸ್ಯೂಡೋಮೋನಾಸ್ ಏರುಜಿನೋಸಾ ಎಂದುಕೊಂಡು ಅದಕ್ಕೆ ರೂಢಿಯಲ್ಲಿರುವ ಔಷಧ ಕೊಡುವುದು. ನಮ್ಮ ವೈದ್ಯರು ಎರಡನ್ನೂ ಬಿಟ್ಟು, ಕೆಳಗಿದ್ದ ಔಷಧ ಸಂವೇದನೆಯ ಪಟ್ಟಿಯನ್ನು ಓದಿದರು. ಜೆಂಟಾಮೈಸಿನ್‌ಗೆ ಪ್ರತಿರೋಧ, ಕೊಲಿಸ್ಟಿನ್‌ಗೂ ಪ್ರತಿರೋಧ, ಆದರೆ ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಕೆಲಸ ಮಾಡುತ್ತದೆ ಎಂದಿತ್ತು.

ಈ ವಿನ್ಯಾಸ ತಲೆಕೆಳಗಾಗಿದೆ. ಸ್ಯೂಡೋಮೋನಾಸ್ ಏರುಜಿನೋಸಾ ಅಮಾಕ್ಸಿಸಿಲಿನ್-ಕ್ಲಾವುಲನೇಟ್‌ಗೆ ಹುಟ್ಟಿನಿಂದಲೇ ಬಗ್ಗುವುದಿಲ್ಲ; ಕೊಲಿಸ್ಟಿನ್‌ಗೆ ಸಾಮಾನ್ಯವಾಗಿ ಬಗ್ಗುತ್ತದೆ. ಮೆಲಿಯಾಯ್ಡೋಸಿಸ್ ತರುವ ಬರ್ಕ್‌ಹೋಲ್ಡೇರಿಯಾ ಸ್ಯೂಡೋಮ್ಯಾಲೈ ಇದಕ್ಕೆ ನೇರ ವಿರುದ್ಧ: ಕೊಲಿಸ್ಟಿನ್‌ಗೆ ಸಹಜ ಪ್ರತಿರೋಧ, ಬಹುತೇಕ ತಳಿಗಳಲ್ಲಿ ಜೆಂಟಾಮೈಸಿನ್‌ಗೂ ಸಹಜ ಪ್ರತಿರೋಧ, ಅಮಾಕ್ಸಿಸಿಲಿನ್-ಕ್ಲಾವುಲನೇಟ್‌ಗೆ ಸಾಮಾನ್ಯವಾಗಿ ಸಂವೇದನೆ. ಎರಡೂ ಗ್ರಾಂ ನೆಗೆಟಿವ್ ದಂಡಾಣುಗಳು, ಎರಡೂ ಆಕ್ಸಿಡೇಸ್ ಪಾಸಿಟಿವ್. ಹಾಗಾಗಿ ಸಣ್ಣ ಪ್ರಯೋಗಾಲಯದಲ್ಲಿ ಒಂದರ ಹೆಸರಿನಲ್ಲಿ ಇನ್ನೊಂದು ಹೊರಬೀಳುವುದು ಅಚ್ಚರಿಯಲ್ಲ. ಮೂರು ಔಷಧಗಳ ಈ ಪಟ್ಟಿ ಕಂಡ ವೈದ್ಯರು ಪ್ರಯೋಗಾಲಯಕ್ಕೆ ಫೋನ್ ಮಾಡಿದರು. ಆ ಕಲ್ಚರ್ ಅನ್ನು ಎಸೆಯದಂತೆ ಹೇಳಿದರು. ದೊಡ್ಡ ಪ್ರಯೋಗಾಲಯಕ್ಕೆ ಖಚಿತಪಡಿಸಲು ಕಳಿಸಿದರು. ಖಚಿತ ಉತ್ತರಕ್ಕಾಗಿ ಕಾಯದೆ ಮೆರೊಪೆನೆಮ್ ಶುರುಮಾಡಿದರು.

ಈಗ ಪಾಠ ತಾನಾಗಿಯೇ ಆಕಾರ ಪಡೆಯುತ್ತದೆ. ಒಳ್ಳೆಯ ಪಾಠದ ವಾಕ್ಯದಲ್ಲಿ ಯಾರಲ್ಲಿ, ಏನು ಕಂಡಾಗ, ಏನು ಮಾಡಬೇಕು ಎಂಬ ಮೂರೂ ಇರುತ್ತವೆ: ‘ಕರಾವಳಿಯ ಮಧುಮೇಹಿಯೊಬ್ಬರಲ್ಲಿ ಕೀವುಗಡ್ಡೆಗಳ ಜೊತೆ ಸ್ಯೂಡೋಮೋನಾಸ್ ಎಂದು ವರದಿಯಾದ ರೋಗಾಣು ಜೆಂಟಾಮೈಸಿನ್ ಮತ್ತು ಕೊಲಿಸ್ಟಿನ್‌ಗೆ ಬಗ್ಗದೆ ಅಮಾಕ್ಸಿಸಿಲಿನ್-ಕ್ಲಾವುಲನೇಟ್‌ಗೆ ಬಗ್ಗಿದರೆ, ಮೆಲಿಯಾಯ್ಡೋಸಿಸ್ ಎಂದು ಶಂಕಿಸಿ ಪ್ರಯೋಗಾಲಯದೊಂದಿಗೆ ಮಾತನಾಡಬೇಕು, ಖಚಿತ ವರದಿಗೆ ಕಾಯದೆ ಸರಿಯಾದ ಚಿಕಿತ್ಸೆ ಆರಂಭಿಸುವುದನ್ನು ಪರಿಗಣಿಸಬೇಕು.’ ಉದ್ದವಾಯಿತು, ಒಪ್ಪುತ್ತೇನೆ. ಆದರೆ ಇದನ್ನು ಓದಿದ ಕುಮಟಾದ ಒಬ್ಬ ವೈದ್ಯರು ಮರುದಿನ ಅಂಥದೇ ವರದಿ ಬಂದಾಗ ಬೇರೆ ರೀತಿ ನಡೆದುಕೊಳ್ಳುತ್ತಾರೆ. ನನ್ನ ಒರೆಗಲ್ಲು ಅದೊಂದೇ.

‘ಶಂಕಿಸಿ’ ಎಂದೆ, ‘ನಿರ್ಣಯಿಸಿ’ ಎನ್ನಲಿಲ್ಲ, ‘ಪರಿಗಣಿಸಬೇಕು’ ಎಂದೆ. ಒಬ್ಬ ರೋಗಿಯ ಕಥೆ ಅಷ್ಟೇ ಭಾರ ಹೊರಬಲ್ಲದು. ಜೆಂಟಾಮೈಸಿನ್‌ಗೆ ಬಗ್ಗುವ ತಳಿಗಳೂ ಜಗತ್ತಿನಲ್ಲಿವೆ. ಆ ಪಟ್ಟಿ ಕಾಣದಿದ್ದರೆ ಮೆಲಿಯಾಯ್ಡೋಸಿಸ್ ಇಲ್ಲ ಎಂದು ಹೇಳುವಂತಿಲ್ಲ. ಅನೇಕ ಪ್ರಯೋಗಾಲಯಗಳು ಸ್ಯೂಡೋಮೋನಾಸ್ ಎಂದುಕೊಂಡ ರೋಗಾಣುವಿಗೆ ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಬಿಲ್ಲೆ ಇಡುವುದೇ ಇಲ್ಲ, ಏಕೆಂದರೆ ಅದರ ಉತ್ತರ ಮೊದಲೇ ಗೊತ್ತು ಎಂಬ ಎಣಿಕೆ. ಹಾಗಾಗಿ ‘ಪ್ರಯೋಗಾಲಯದೊಂದಿಗೆ ಮಾತನಾಡಬೇಕು’ ಎಂಬುದು ಆ ವಾಕ್ಯದ ಅತ್ಯಂತ ಉಪಯುಕ್ತ ಭಾಗ ಎಂದು ನನಗೆ ಅನಿಸುತ್ತದೆ. ಅದಕ್ಕೆ ಇನ್ನೊಂದು ಕಾರಣವೂ ಇದೆ. ಈ ರೋಗಾಣುವನ್ನು ತೆರೆದ ಮೇಜಿನ ಮೇಲೆ ನಿಭಾಯಿಸುವುದು ಅಲ್ಲಿನ ತಂತ್ರಜ್ಞರಿಗೆ ಅಪಾಯ. ಶಂಕೆ ಇದೆ ಎಂದು ಅವರಿಗೆ ತಿಳಿಸುವುದು ನಿಮ್ಮ ಹೊಣೆ.

ಪಾಠದ ವಾಕ್ಯ ಕಾಗದದ ಮೇಲೆ ಬಂದ ಮೇಲೆ ಸಾರಾಂಶವನ್ನು ಹಿಂದಿನಿಂದ ಮುಂದಕ್ಕೆ ಕಟ್ಟಿ. ಪ್ರಕರಣ ವರದಿಗಳಿಗಾಗಿ 2013ರಲ್ಲಿ ಪ್ರಕಟವಾದ ಕೇರ್ ಮಾರ್ಗಸೂಚಿ ಸಾರಾಂಶದಲ್ಲಿ ನಾಲ್ಕು ವಿಷಯಗಳನ್ನು ಕೇಳುತ್ತದೆ: ಈ ಪ್ರಕರಣ ಹೊಸದಾಗಿ ಏನು ಸೇರಿಸುತ್ತದೆ, ಮುಖ್ಯ ಲಕ್ಷಣಗಳು ಮತ್ತು ತಪಾಸಣೆಯಲ್ಲಿ ಕಂಡದ್ದು, ರೋಗನಿರ್ಣಯ ಮತ್ತು ಚಿಕಿತ್ಸೆ ಮತ್ತು ಫಲಿತಾಂಶ, ಕೊನೆಗೆ ಓದುಗರು ಒಯ್ಯಬೇಕಾದ ಪಾಠ. ಶೀರ್ಷಿಕೆಯಲ್ಲಿ ‘ಪ್ರಕರಣ ವರದಿ’ ಎಂಬ ಪದಗಳು ಇರಬೇಕು ಎಂದೂ ಹೇಳುತ್ತದೆ. ಸಮ್ಮೇಳನದವರು ಸಾಮಾನ್ಯವಾಗಿ ಇದನ್ನು ಹಿನ್ನೆಲೆ, ಪ್ರಕರಣ, ಉಪಸಂಹಾರ ಎಂಬ ಮೂರು ತಲೆಬರಹಗಳಿಗೆ ಇಳಿಸುತ್ತಾರೆ. ಪದಗಳ ಹಂಚಿಕೆಯಲ್ಲಿ ನಾನು ಕಟ್ಟುನಿಟ್ಟು: ಹಿನ್ನೆಲೆಗೆ ಎರಡು ವಾಕ್ಯ ಸಾಕು. ಮೆಲಿಯಾಯ್ಡೋಸಿಸ್‌ನ ಚರಿತ್ರೆ, ಅದು ಯಾವ ಯಾವ ದೇಶಗಳಲ್ಲಿದೆ ಎಂಬ ವಿವರ ಪೂರ್ಣ ಲೇಖನಕ್ಕೆ ಇರಲಿ. ಅರ್ಧಕ್ಕಿಂತ ಹೆಚ್ಚು ಪದಗಳು ಪ್ರಕರಣಕ್ಕೆ ಹೋಗಬೇಕು.

ಪ್ರಕರಣದ ಭಾಗದಲ್ಲಿ ಒಂದು ವಿವರ ಇರಬೇಕೇ ಬೇಡವೇ ಎಂಬ ಗೊಂದಲ ಬಂದಾಗ, ಅದು ಇಲ್ಲದಿದ್ದರೆ ಪಾಠ ಕುಂದುತ್ತದೆಯೇ ಎಂದು ಕೇಳಿಕೊಳ್ಳಿ. ಮಧುಮೇಹ ಬೇಕು. ಮಳೆಗಾಲದ ಕೆಸರು ಬೇಕು. ಕೀವುಗಡ್ಡೆಗಳು, ತಪ್ಪು ಹೆಸರಿನ ವರದಿ, ಮೂರು ಔಷಧಗಳ ಪಟ್ಟಿ ಬೇಕೇ ಬೇಕು. ಸಾಮಾನ್ಯ ಮಟ್ಟದಲ್ಲಿದ್ದ ಸೋಡಿಯಂ, ಪೊಟ್ಯಾಸಿಯಂ, ದಾಖಲಾತಿಯ ದಿನದ ನಾಡಿಬಡಿತ ಬೇಡ. ಹಾಗೆಯೇ ಉಪಸಂಹಾರದಲ್ಲಿ ಹೇಳುವ ಯಾವುದೂ ಪ್ರಕರಣದಲ್ಲಿ ಮೊದಲು ಬರದೆ ಇರಬಾರದು. ಕೊಲಿಸ್ಟಿನ್ ಎಂಬ ಪದ ಉಪಸಂಹಾರದಲ್ಲಿ ಮೊದಲ ಬಾರಿಗೆ ಕಾಣಿಸಿಕೊಂಡರೆ ಪರಿಶೀಲಕರು ಅಲ್ಲೇ ನಿಲ್ಲುತ್ತಾರೆ.

ಫಲಿತಾಂಶದ ವಾಕ್ಯದಲ್ಲಿ ಹೆಚ್ಚಿನವರು ಎಡವುತ್ತಾರೆ. ‘ರೋಗಿ ಗುಣಮುಖರಾಗಿ ಮನೆಗೆ ತೆರಳಿದರು’ ಎಂದು ಬರೆದು ಮುಗಿಸುತ್ತಾರೆ. ಮೆಲಿಯಾಯ್ಡೋಸಿಸ್‌ನಲ್ಲಿ ಆ ಮಾತು ಹೇಳಲು ಬಿಡುಗಡೆಯ ದಿನ ತುಂಬಾ ಬೇಗ. ಒಳ ಅಂಗಗಳಲ್ಲಿ ಕೀವು ತುಂಬಿದ್ದರೆ ರಕ್ತನಾಳದ ಮೂಲಕ ಮೆರೊಪೆನೆಮ್ ಅಥವಾ ಸೆಫ್ಟಾಜಿಡಿಮ್ ಸುಮಾರು ನಾಲ್ಕು ವಾರ, ಆಮೇಲೆ ಮರುಕಳಿಕೆ ತಡೆಯಲು ಕೋಟ್ರೈಮಾಕ್ಸಜೋಲ್ ಮಾತ್ರೆ ಕನಿಷ್ಠ ಮೂರು ತಿಂಗಳು ನಡೆಯುತ್ತದೆ. ಮಾತ್ರೆ ಮಧ್ಯದಲ್ಲಿ ಬಿಟ್ಟವರಲ್ಲಿ ರೋಗ ಮರಳುವ ಅಪಾಯ ಹೆಚ್ಚು. ಆದ್ದರಿಂದ ಎಷ್ಟು ಕಾಲ ಗಮನಿಸಿದ್ದೀರಿ ಎಂಬುದನ್ನು ಬರೆಯದ ಸಾರಾಂಶ ಅಪೂರ್ಣ. ಸಮ್ಮೇಳನದ ಕೊನೆಯ ದಿನಾಂಕದೊಳಗೆ ಮಾತ್ರೆ ಮುಗಿಯದಿದ್ದರೆ ‘ಆರನೆಯ ವಾರದವರೆಗೆ ಜ್ವರವಿಲ್ಲ, ಮಾತ್ರೆ ಮುಂದುವರಿದಿದೆ’ ಎಂದೇ ಬರೆಯಿರಿ. ಇದರಲ್ಲಿ ಯಾವ ಕೊರತೆಯೂ ಇಲ್ಲ. ಸೆಫ್ಟ್ರಿಯಾಕ್ಸೋನ್‌ನಿಂದ ಇಳಿಯದ ಜ್ವರ ಮೆರೊಪೆನೆಮ್ ಶುರುವಾದ ಮರುದಿನವೇ ಇಳಿದಿಲ್ಲ ಎಂಬುದನ್ನೂ ಮುಚ್ಚಿಡಬೇಡಿ. ಈ ರೋಗದಲ್ಲಿ ಸರಿಯಾದ ಔಷಧ ಸಿಕ್ಕ ಮೇಲೂ ಜ್ವರ ಒಂದು ವಾರ ದಾಟಿ ಉಳಿಯುವುದು ಸಾಮಾನ್ಯ. ಅದನ್ನು ತಿಳಿಯದೆ ಔಷಧ ಬದಲಿಸುವವರಿಗೆ, ಜ್ವರ ಎಷ್ಟನೆಯ ದಿನ ನಿಂತಿತು ಎಂಬ ನಿಮ್ಮ ಒಂದು ಅಂಕಿ ನೆರವಾಗುತ್ತದೆ.

ನೀವು ಬರೆಯುವುದು ಇಂಗ್ಲಿಷ್‌ನಲ್ಲಾದರೂ ಸಾರಾಂಶ ಅರ್ಥದಲ್ಲಿ ಹೀಗಿರಬೇಕು:

ಶೀರ್ಷಿಕೆ: ‘ಸ್ಯೂಡೋಮೋನಾಸ್’ ಎಂದು ವರದಿಯಾದ ಮೆಲಿಯಾಯ್ಡೋಸಿಸ್ – ಔಷಧ ಸಂವೇದನೆಯ ಪಟ್ಟಿ ನೀಡಿದ ಸುಳಿವು: ಪ್ರಕರಣ ವರದಿ

ಹಿನ್ನೆಲೆ: ಮೆಲಿಯಾಯ್ಡೋಸಿಸ್ ಉಂಟುಮಾಡುವ ಬರ್ಕ್‌ಹೋಲ್ಡೇರಿಯಾ ಸ್ಯೂಡೋಮ್ಯಾಲೈ ಸಾಮಾನ್ಯ ಪ್ರಯೋಗಾಲಯಗಳಲ್ಲಿ ಸ್ಯೂಡೋಮೋನಾಸ್ ಎಂದು ಗುರುತಿಸಲ್ಪಡಬಹುದು. ಔಷಧ ಸಂವೇದನೆಯ ವಿನ್ಯಾಸದಿಂದ ಈ ತಪ್ಪನ್ನು ಹಾಸಿಗೆಯ ಬದಿಯಲ್ಲೇ ಶಂಕಿಸಲು ಸಾಧ್ಯವಾದ ಪ್ರಕರಣವೊಂದನ್ನು ವರದಿ ಮಾಡುತ್ತೇವೆ.

ಪ್ರಕರಣ: ಕರ್ನಾಟಕ ಕರಾವಳಿಯ, ಐವತ್ತರ ದಶಕದ, ನಿಯಂತ್ರಣದಲ್ಲಿಲ್ಲದ ಮಧುಮೇಹವಿದ್ದ ಪುರುಷರೊಬ್ಬರು ಮಳೆಗಾಲದಲ್ಲಿ ಮೂರು ವಾರಗಳ ಜ್ವರ ಮತ್ತು ಎಡ ಮೇಲ್ಹೊಟ್ಟೆಯ ನೋವಿನಿಂದ ಬಂದರು. ಕೆಸರಿನಲ್ಲಿ ಕೆಲಸ ಮಾಡಿದ ಇತಿಹಾಸವಿತ್ತು. ಅಲ್ಟ್ರಾಸೌಂಡ್‌ನಲ್ಲಿ ಗುಲ್ಮ ಮತ್ತು ಯಕೃತ್ತಿನಲ್ಲಿ ಹಲವು ಕೀವುಗಡ್ಡೆಗಳು ಕಂಡವು. ಸೆಫ್ಟ್ರಿಯಾಕ್ಸೋನ್‌ನಿಂದ ಸುಧಾರಣೆಯಾಗಲಿಲ್ಲ. ನಾಲ್ಕನೆಯ ದಿನ ರಕ್ತದ ಕಲ್ಚರ್‌ನಲ್ಲಿ ‘ಸ್ಯೂಡೋಮೋನಾಸ್ ಪ್ರಭೇದ’ ವರದಿಯಾಯಿತು: ಜೆಂಟಾಮೈಸಿನ್ ಮತ್ತು ಕೊಲಿಸ್ಟಿನ್‌ಗೆ ಪ್ರತಿರೋಧ, ಅಮಾಕ್ಸಿಸಿಲಿನ್-ಕ್ಲಾವುಲನೇಟ್‌ಗೆ ಸಂವೇದನೆ. ಮೆಲಿಯಾಯ್ಡೋಸಿಸ್ ಶಂಕಿಸಿ ಅಂದೇ ಮೆರೊಪೆನೆಮ್ ಆರಂಭಿಸಲಾಯಿತು. ರೋಗಾಣುವನ್ನು ನಂತರ ಉಲ್ಲೇಖ ಪ್ರಯೋಗಾಲಯ ಖಚಿತಪಡಿಸಿತು. ಮೆರೊಪೆನೆಮ್‌ನ ಒಂಬತ್ತನೆಯ ದಿನ ಜ್ವರ ನಿಂತಿತು. ನಾಲ್ಕು ವಾರಗಳ ನಂತರ ಕೋಟ್ರೈಮಾಕ್ಸಜೋಲ್ ಮೂರು ತಿಂಗಳು ನೀಡಲಾಯಿತು. ಮಾತ್ರೆ ಮುಗಿದಾಗ ಕೀವುಗಡ್ಡೆಗಳು ಕರಗಿದ್ದವು. ಆ ಬಳಿಕದ ಆರು ತಿಂಗಳಲ್ಲಿ ರೋಗ ಮರುಕಳಿಸಿಲ್ಲ. ಪ್ರಕರಣ ಮತ್ತು ಚಿತ್ರಗಳ ಪ್ರಸ್ತುತಿಗೆ ಹಾಗೂ ಪ್ರಕಟಣೆಗೆ ರೋಗಿಯಿಂದ ಲಿಖಿತ ಸಮ್ಮತಿ ಪಡೆಯಲಾಗಿದೆ.

ಉಪಸಂಹಾರ: ಈ ರೋಗವಿರುವ ಪ್ರದೇಶದ ಮಧುಮೇಹಿಯಲ್ಲಿ ಕೀವುಗಡ್ಡೆಗಳ ಜೊತೆ ಇಂಥ ಸಂವೇದನೆಯ ವಿನ್ಯಾಸವಿರುವ ‘ಸ್ಯೂಡೋಮೋನಾಸ್’ ಕಂಡರೆ ಮೆಲಿಯಾಯ್ಡೋಸಿಸ್ ಶಂಕಿಸಿ, ಪ್ರಯೋಗಾಲಯಕ್ಕೆ ತಿಳಿಸಿ, ಖಚಿತ ವರದಿಗೆ ಮೊದಲೇ ಸೂಕ್ತ ಚಿಕಿತ್ಸೆಯನ್ನು ಪರಿಗಣಿಸಬೇಕು.

ಇದರಲ್ಲಿ ಏನೇನು ಇಲ್ಲ ಎಂಬುದನ್ನು ಗಮನಿಸಿ. ಊರಿನ ಹೆಸರಿಲ್ಲ, ತಾಲ್ಲೂಕಿನ ಹೆಸರಿಲ್ಲ. ನಿಖರ ವಯಸ್ಸಿಲ್ಲ. ತಾರೀಖಿಲ್ಲ, ದಾಖಲಾದ ದಿನದಿಂದ ಎಣಿಸಿದ ದಿನಗಳಿವೆ. ಜಾತಿ, ಸಮುದಾಯ ಇಲ್ಲ. ಕೆಸರಿನಲ್ಲಿ ಕೆಲಸ ಎಂದಿದೆ, ಯಾರ ಗದ್ದೆ ಎಂದಿಲ್ಲ. ಬೆಂಗಳೂರಿನಲ್ಲಿ ‘52 ವರ್ಷದ ಪುರುಷ’ ಎಂದರೆ ಯಾರೂ ಅಲ್ಲ. ನಮ್ಮ ಜಿಲ್ಲೆಯಲ್ಲಿ ‘ಅಂಕೋಲಾ ತಾಲ್ಲೂಕಿನ, 52 ವರ್ಷದ, ಮಳೆಗಾಲ ಕಳೆದ ಮೇಲೆ ಯಕ್ಷಗಾನ ಮೇಳದಲ್ಲಿ ಚೆಂಡೆ ಬಾರಿಸುವ ರೈತ’ ಎಂದರೆ ಅದು ಹೆಸರು ಬರೆದಂತೆಯೇ. ಹಾಲಕ್ಕಿ ಮಹಿಳೆಯೊಬ್ಬರ ಭುಜದ ಹುಣ್ಣಿನ ಚಿತ್ರದಲ್ಲಿ ಕೊರಳಿನ ಮಣಿಸರಗಳು ಕಂಡರೆ, ಮುಖ ಕಾಣದಿದ್ದರೂ ಸಮುದಾಯ ಕಂಡಿತು. ಒಂದೂರಿನಲ್ಲಿ ಆ ಕಾಯಿಲೆ ಇದ್ದವರು ಒಬ್ಬರೇ ಆಗಿದ್ದರೆ ವ್ಯಕ್ತಿಯೂ ಕಂಡಂತೆ. ಕಣ್ಣಿಗೆ ಕಪ್ಪುಪಟ್ಟಿ ಹಾಕಿದರೆ ಗುರುತು ಮರೆಯಾಗುತ್ತದೆ ಎಂಬ ನಂಬಿಕೆ ಇನ್ನೂ ಇದೆ. ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯ ಶಿಫಾರಸುಗಳು ಅದು ಸಾಲದು ಎಂದು ಸ್ಪಷ್ಟವಾಗಿ ಹೇಳುತ್ತವೆ. ಅಲ್ಟ್ರಾಸೌಂಡ್ ಚಿತ್ರದ ಮೂಲೆಯಲ್ಲಿ ಅಚ್ಚಾಗಿರುವ ಹೆಸರು, ಆಸ್ಪತ್ರೆ ಸಂಖ್ಯೆ, ತಾರೀಖುಗಳನ್ನು ಕತ್ತರಿಸಿ ತೆಗೆಯಿರಿ. ಸ್ಲೈಡಿನಲ್ಲಿ ಅದರ ಮೇಲೆ ಚೌಕ ಎಳೆದು ಮುಚ್ಚಿದರೆ ಕಡತ ಪಡೆದವರು ಚೌಕವನ್ನು ಸರಿಸಬಲ್ಲರು.

ಗುರುತು ಮರೆಮಾಡಲು ವಿವರವನ್ನು ಬಿಡಬಹುದು, ಬದಲಿಸಬಾರದು. ಗಂಡಸನ್ನು ಹೆಂಗಸು ಎಂದು, ರೈತನನ್ನು ಮೀನುಗಾರ ಎಂದು ಬರೆಯುವವರನ್ನು ನಾನು ಕಂಡಿದ್ದೇನೆ, ಸದುದ್ದೇಶದಿಂದಲೇ. ಆದರೆ ನಾಳೆ ಯಾರಾದರೂ ಹತ್ತಾರು ಪ್ರಕರಣ ವರದಿಗಳನ್ನು ಕೂಡಿಸಿ ಈ ರೋಗ ಯಾವ ಕಸುಬಿನವರಿಗೆ ಬರುತ್ತದೆ ಎಂದು ನೋಡಿದಾಗ ನಿಮ್ಮ ಸುಳ್ಳು ಮೀನುಗಾರ ಅಲ್ಲಿ ಎಣಿಕೆಗೆ ಸೇರಿಬಿಡುತ್ತಾನೆ.

ಇಷ್ಟೆಲ್ಲ ತೆಗೆದ ಮೇಲೂ ಪೂರ್ಣ ಅನಾಮಧೇಯತೆ ಸಿಗುವುದಿಲ್ಲ. ಶೀರ್ಷಿಕೆಯ ಕೆಳಗೆ ನಿಮ್ಮ ಹೆಸರು, ಆಸ್ಪತ್ರೆ, ಶಿರಸಿ ಎಂದು ಅಚ್ಚಾಗುತ್ತದೆ. ಅಲ್ಲಿಗೆ ಪ್ರದೇಶ ಹೊರಬಿತ್ತು. ಆದ್ದರಿಂದಲೇ ಸಮ್ಮತಿ ಬೇಕು ಎಂಬುದು ನನ್ನ ವಾದ. 2002ರ ಭಾರತೀಯ ವೈದ್ಯಕೀಯ ಪರಿಷತ್ತಿನ ವೃತ್ತಿನಡತೆ ನಿಯಮಾವಳಿ, ಗುರುತು ಸಿಗುವಂತೆ ರೋಗಿಯ ಚಿತ್ರವನ್ನಾಗಲಿ ಪ್ರಕರಣ ವರದಿಯನ್ನಾಗಲಿ ಅನುಮತಿಯಿಲ್ಲದೆ ಪ್ರಕಟಿಸಬಾರದು ಎಂದು ಹೇಳಿ, ಗುರುತು ಬಹಿರಂಗವಾಗದಿದ್ದರೆ ಸಮ್ಮತಿ ಬೇಕಿಲ್ಲ ಎಂದೂ ಸೇರಿಸುತ್ತದೆ. ಕೆಲವರು ಆ ಕೊನೆಯ ಭಾಗವನ್ನು ಹಿಡಿದು ಸಮ್ಮತಿಯನ್ನೇ ಬಿಡುತ್ತಾರೆ. ಆದರೆ ಗುರುತು ಸಿಗುವುದಿಲ್ಲ ಎಂದು ಯಾರು ತೀರ್ಮಾನಿಸಬೇಕು? ನೆರೆಯವರಿಗೆ ಯಾವ ವಿವರ ಗೊತ್ತು ಎಂಬುದು ರೋಗಿಗೆ ತಿಳಿದಿದೆ, ನಮಗೆ ತಿಳಿದಿಲ್ಲ. ಕೇರ್ ಪಟ್ಟಿಯೂ ಸಮ್ಮತಿಯನ್ನು ಕೇಳುತ್ತದೆ; ಹೆಚ್ಚಿನ ಪ್ರಕರಣ ವರದಿ ಪತ್ರಿಕೆಗಳು ಅದಿಲ್ಲದೆ ಬರಹವನ್ನು ಮುಂದಕ್ಕೆ ಒಯ್ಯುವುದೇ ಇಲ್ಲ. ನಿಮ್ಮ ಸಂಸ್ಥೆಯ ನೈತಿಕ ಸಮಿತಿ ‘ಒಂದೇ ಪ್ರಕರಣವಾದ್ದರಿಂದ ನಮ್ಮ ಪರಿಶೀಲನೆ ಬೇಕಿಲ್ಲ’ ಎಂದು ಪತ್ರ ಕೊಡಬಹುದು. ಆ ಪತ್ರ ರೋಗಿಯ ಸಹಿಯ ಜಾಗ ತುಂಬುವುದಿಲ್ಲ.

ಈಗ ಊರಿಗೆ ಹೋದ ರೋಗಿಯ ವಿಷಯ. ನಿಮ್ಮ ಅದೃಷ್ಟಕ್ಕೆ ಈ ರೋಗದಲ್ಲಿ ಅವರು ಮೂರು ತಿಂಗಳ ಮಾತ್ರೆಗಾಗಿ ಮತ್ತೆ ಮತ್ತೆ ಬರಬೇಕು. ಮುಂದಿನ ಭೇಟಿಗೆ ಕಾಯಿರಿ. ಒಂದು ರೀತಿಯಲ್ಲಿ ಇದೇ ಉತ್ತಮ: ಜ್ವರದಲ್ಲಿ ಬಳಲುತ್ತ, ಮಂಚದ ಮೇಲಿದ್ದು, ನಿಮ್ಮ ಕೈಯಲ್ಲಿ ಜೀವವಿದೆ ಎಂದು ಭಾವಿಸಿದವರು ಯಾವ ಕಾಗದಕ್ಕಾದರೂ ಸಹಿ ಹಾಕುತ್ತಾರೆ. ಚೇತರಿಸಿಕೊಂಡು, ಕುರ್ಚಿಯಲ್ಲಿ ಕುಳಿತು, ‘ಬೇಡ ಡಾಕ್ಟರೇ’ ಎನ್ನಬಲ್ಲ ಸ್ಥಿತಿಯಲ್ಲಿರುವಾಗ ಕೇಳಿ. ಸಾಧ್ಯವಾದರೆ ಮಾತ್ರೆ ಬರೆದುಕೊಡುವ ಮೊದಲು ಕೇಳಬೇಡಿ. ಚೀಟಿ ಅವರ ಕೈ ಸೇರಿದ ಮೇಲೆ ಕೇಳಿ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂಬುದು ಮಾತಿಲ್ಲದೆ ತಿಳಿಯುತ್ತದೆ. ಅವರ ಚಿಕಿತ್ಸೆಯಲ್ಲಿ ನೇರವಾಗಿ ಇಲ್ಲದ ಸಹೋದ್ಯೋಗಿಯೊಬ್ಬರು ಮಾತನಾಡಿದರೆ ಇನ್ನೂ ಒಳ್ಳೆಯದು.

ಅವರು ಬರುವುದು ತಡವಾದರೆ ಫೋನ್ ಮಾಡಿ, ಆದರೆ ಯಾರು ಎತ್ತಿದ್ದಾರೆಂದು ಖಚಿತವಾಗುವವರೆಗೆ ರೋಗದ ಹೆಸರು ಹೇಳಬೇಡಿ. ಸಮ್ಮತಿ ಪತ್ರವನ್ನು ಆಶಾ ಕಾರ್ಯಕರ್ತೆಯ ಕೈಯಲ್ಲಿ ಕಳಿಸುವ ಸುಲಭದ ದಾರಿ ಹಿಡಿಯಬೇಡಿ. ಗುಟ್ಟು ಕಾಯಲು ಕೇಳುವ ಕಾಗದವೇ ಊರಿಗೆ ಗುಟ್ಟು ಒಯ್ದಂತಾಗುತ್ತದೆ.

ಕೇಳುವಾಗ ಸಾರಾಂಶದ ಕನ್ನಡ ಅರ್ಥವನ್ನು ಪೂರ್ತಿ ಓದಿ ಹೇಳಿ, ಚಿತ್ರಗಳನ್ನು ತೋರಿಸಿ. ಕೊಂಕಣಿ ಮನೆಮಾತಿನವರಿಗೆ ಕೊಂಕಣಿಯಲ್ಲೇ ಹೇಳುವವರು ಇರಲಿ. ಹೇಳಿದವರು ಪತ್ರದಲ್ಲಿ ಸಹಿ ಮಾಡಲಿ. ಪತ್ರದ ಭಾಷೆ ನೋಂದಣಿ ಕಚೇರಿಯ ಕನ್ನಡವಾಗಬಾರದು. ನಾನು ಒಪ್ಪುವ ಪತ್ರದ ಮುಖ್ಯ ಭಾಗ ಹೀಗಿರುತ್ತದೆ:

‘ನನ್ನ ಕಾಯಿಲೆ, ಪರೀಕ್ಷೆ ಮತ್ತು ಚಿಕಿತ್ಸೆಯ ವಿವರಗಳನ್ನೂ, ನನಗೆ ತೋರಿಸಿದ ಚಿತ್ರಗಳನ್ನೂ ವೈದ್ಯರ ಸಮ್ಮೇಳನದಲ್ಲಿ ಹೇಳಲು ಮತ್ತು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಲು ಒಪ್ಪಿದ್ದೇನೆ. ಬರೆಯುವುದನ್ನು ನನಗೆ ಓದಿ ಹೇಳಿದ್ದಾರೆ. ನನ್ನ ಹೆಸರು ಬರೆಯುವುದಿಲ್ಲ, ಆದರೆ ನನ್ನನ್ನು ಬಲ್ಲವರು ಗುರುತಿಸುವ ಸಾಧ್ಯತೆ ಇದೆ ಎಂದು ತಿಳಿದಿದ್ದೇನೆ. ಇದು ಇಂಟರ್ನೆಟ್‌ನಲ್ಲಿ ಯಾರಿಗಾದರೂ ಸಿಗಬಹುದು. ಪ್ರಕಟವಾಗುವ ಮೊದಲು ನಾನು ಯಾವಾಗ ಬೇಕಾದರೂ ಬೇಡ ಎನ್ನಬಹುದು. ಪ್ರಕಟವಾದ ಮೇಲೆ ಹಿಂಪಡೆಯಲು ಆಗದಿರಬಹುದು. ಒಪ್ಪದಿದ್ದರೂ ನನ್ನ ಚಿಕಿತ್ಸೆ ಹೀಗೆಯೇ ನಡೆಯುತ್ತದೆ. ಇದಕ್ಕೆ ಹಣ ಪಡೆದಿಲ್ಲ.’

ಸಮ್ಮೇಳನ ಮತ್ತು ಪತ್ರಿಕೆ ಎರಡನ್ನೂ ಹೆಸರಿಸಿರುವುದು ಬೇಕೆಂದೇ. ಮಾತನಾಡಲು ಮಾತ್ರ ಒಪ್ಪಿಗೆ ಪಡೆದು ಒಂದು ವರ್ಷದ ನಂತರ ಲೇಖನ ಕಳಿಸಲು ಹೊರಟರೆ ಮತ್ತೆ ಅವರ ಮನೆ ಬಾಗಿಲಿಗೆ ಹೋಗಬೇಕಾಗುತ್ತದೆ. ಕೆಲವು ಪತ್ರಿಕೆಗಳು ತಮ್ಮದೇ ನಮೂನೆ ಕೇಳುತ್ತವೆ. ಎಲ್ಲಿಗೆ ಕಳಿಸುವ ಯೋಚನೆ ಇದೆಯೋ ಆ ನಮೂನೆಯನ್ನು ಇಳಿಸಿಕೊಂಡು ಅದೇ ದಿನ ಎರಡಕ್ಕೂ ಸಹಿ ಪಡೆಯಿರಿ. ಓದಲು ಬರದವರಿಂದ ಹೆಬ್ಬೆಟ್ಟು ಪಡೆದರೆ ಆಸ್ಪತ್ರೆಯ ಸಿಬ್ಬಂದಿಯಲ್ಲದ ಸಾಕ್ಷಿಯ ಸಹಿ ಇರಲಿ, ತಾರೀಖು ಇರಲಿ. ಮೂಲ ಪತ್ರ ಕಡತದಲ್ಲಿ, ಒಂದು ಪ್ರತಿ ರೋಗಿಯ ಕೈಯಲ್ಲಿ. ಸಮ್ಮೇಳನದವರು ಕೇಳದ ಹೊರತು ಅದನ್ನು ಅವರಿಗೆ ಕಳಿಸಬೇಡಿ, ಅದರಲ್ಲಿ ಹೆಸರಿದೆ. ಕಡತದ ಆ ದಿನದ ಪುಟದಲ್ಲಿ ಯಾರು, ಯಾವ ಭಾಷೆಯಲ್ಲಿ ವಿವರಿಸಿದರು, ರೋಗಿ ಏನು ಕೇಳಿದರು ಎಂದು ಎರಡು ಸಾಲು ಬರೆಯಿರಿ. ದಾಖಲಿತ ಸಮ್ಮತಿ ಎಂದರೆ ಸಹಿಯ ಜೊತೆ ಆ ಎರಡು ಸಾಲೂ ಸೇರುತ್ತದೆ. ‘ಸಮ್ಮತಿ ಪಡೆಯಲಾಗಿದೆ’ ಎಂಬ ವಾಕ್ಯವನ್ನು ಸಾರಾಂಶಕ್ಕೆ ಸೇರಿಸುವುದು ಇದೆಲ್ಲ ಮುಗಿದ ಮೇಲೆ, ಒಂದು ದಿನ ಮೊದಲೂ ಅಲ್ಲ.

ರೋಗಿ ತೀರಿಕೊಂಡಿದ್ದರೆ ಹತ್ತಿರದ ಬಂಧುವಿನಿಂದ, ಮಗುವಾಗಿದ್ದರೆ ತಂದೆತಾಯಿಯಿಂದ ಪಡೆಯಬೇಕು. ಸ್ವಲ್ಪ ದೊಡ್ಡ ಮಕ್ಕಳಾದರೆ ಅವರನ್ನೂ ಕೇಳಿ. ನಿಮ್ಮ ರೋಗಿ ಸ್ವತಃ ಇದ್ದಾರೆ, ಬುದ್ಧಿ ಸ್ಥಿಮಿತದಲ್ಲಿದೆ. ಹಾಗಾಗಿ ಮಗನ ಅಥವಾ ಹೆಂಡತಿಯ ಸಹಿ ಅವರ ಬದಲಿಗೆ ನಡೆಯುವುದಿಲ್ಲ.

ಅವರು ಬೇಡ ಎಂದರೆ ಸಾರಾಂಶವನ್ನು ಕಳಿಸಬೇಡಿ. ಕೊನೆಯ ದಿನಾಂಕ ಮೀರಿದರೂ ಸರಿ, ಒತ್ತಾಯಿಸಬೇಡಿ, ಎರಡನೆಯ ಬಾರಿ ಬೇರೆಯವರಿಂದ ಹೇಳಿಸಬೇಡಿ. ಮೂರು ಔಷಧಗಳ ಆ ಪಟ್ಟಿ ರೋಗಾಣುವಿನ ಗುಣ, ರೋಗಿಯ ಗುಟ್ಟಲ್ಲ. ಅದನ್ನು ನಿಮ್ಮ ಆಸ್ಪತ್ರೆಯ ಪ್ರಯೋಗಾಲಯದವರ ಜೊತೆ ಕುಳಿತು, ಯಾವ ರೋಗಿಯ ಪ್ರಸ್ತಾಪವೂ ಇಲ್ಲದೆ, ಹೇಳಿಕೊಡಬಹುದು. ‘ಸ್ಯೂಡೋಮೋನಾಸ್ ಪ್ರಭೇದ’ ಎಂದು ಬರೆಯುವ ಮೊದಲು ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಮತ್ತು ಕೊಲಿಸ್ಟಿನ್ ಬಿಲ್ಲೆಗಳನ್ನು ಇಟ್ಟು ನೋಡಿ, ಪಟ್ಟಿ ತಲೆಕೆಳಗಾಗಿದ್ದರೆ ವಾರ್ಡಿಗೆ ಫೋನ್ ಮಾಡಿ ಎಂದು ಅವರಿಗೆ ಹೇಳಲು ಯಾರ ಸಹಿಯೂ ಬೇಕಿಲ್ಲ.